ಕಿವಿಗಾಗಿ ಬರೆಯುವ ವಾಕ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಸಾರುವ ಪ್ರಕಟಣೆಗಳನ್ನೂ ರೇಡಿಯೊದಲ್ಲಿ ಓದುವ ಕೃಷಿ ಮಾಹಿತಿಯನ್ನೂ ನಾನು ಬಹಳ ವರ್ಷಗಳಿಂದ ಬರೆದುಕೊಡುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು, ಮುಖ್ಯವಾಗಿ ಪಂಚಾಯಿತಿ ಕಚೇರಿಗಳಲ್ಲಿ ಪ್ರಕಟಣೆ ಬರೆಯುವ ಜವಾಬ್ದಾರಿ ಹೊತ್ತ ಕಿರಿಯರು, ನನ್ನನ್ನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ಬಾಯಲ್ಲಿ ಕೊಡುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಓದುವುದಕ್ಕೆ ಬರೆದ ವಾಕ್ಯವನ್ನೇ ಮೈಕಿನಲ್ಲಿ ಓದಿದರೆ ಏನು ತೊಂದರೆ?

ಕಣ್ಣಿಗೆ ಹಿಂದಕ್ಕೆ ಹೋಗುವ ಅವಕಾಶವಿದೆ, ಕಿವಿಗೆ ಇಲ್ಲ. ಓದುತ್ತಿರುವವರು ವಾಕ್ಯದ ನಡುವೆ ಎಳೆ ತಪ್ಪಿದರೆ ಎರಡು ಸಾಲು ಮೇಲಕ್ಕೆ ಹೋಗಿ ಮತ್ತೆ ಓದಿಕೊಳ್ಳುತ್ತಾರೆ. ಆ ಕೆಲಸ ಎಷ್ಟು ಬೇಗ ನಡೆಯುತ್ತದೆಂದರೆ ತಾವು ಹಿಂದಕ್ಕೆ ಹೋದೆವೆಂಬುದೂ ಅವರಿಗೆ ನೆನಪಿರುವುದಿಲ್ಲ. ಕೇಳುತ್ತಿರುವವರು ಎಳೆ ತಪ್ಪಿದರೆ, ತಪ್ಪಿದ ಮಾತನ್ನು ಹುಡುಕುವಷ್ಟರಲ್ಲಿ ಮುಂದಿನ ಮಾತೂ ಹೋಗಿರುತ್ತದೆ. ಅದರಲ್ಲೂ ಆಟೋ ಒಂದು ಮನೆಯ ಮುಂದೆ ಹಾದುಹೋಗುವಾಗ ಆ ಮನೆಯವರಿಗೆ ಕೇಳಿಸುವುದು ಇಡೀ ಪ್ರಕಟಣೆಯಲ್ಲ, ಅದರ ನಡುವಿನ ನಾಲ್ಕಾರು ವಾಕ್ಯಗಳು ಮಾತ್ರ. ಆ ನಾಲ್ಕಾರು ವಾಕ್ಯಗಳು ಹಿಂದಿನ ವಾಕ್ಯಗಳ ಆಸರೆಯಿಲ್ಲದೆ ತಾವೇ ನಿಲ್ಲುವಂತಿರಬೇಕು.

ಕನ್ನಡ ವಾಕ್ಯದಲ್ಲಿ ಕಿವಿಗೆ ಕಷ್ಟವಾಗುವುದು ಯಾವ ಭಾಗ?

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮತ್ತು ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. "ಬಿಡಲಾಗುವುದು" ಎಂಬುದಕ್ಕೂ "ಬಿಡಲಾಗುವುದಿಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸ ಕೊನೆಯ ಎರಡು ಅಕ್ಷರಗಳದ್ದು. ಸಣ್ಣ ವಾಕ್ಯದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಇಪ್ಪತ್ತೈದು ಪದಗಳನ್ನು ಕೇಳಿಸಿಕೊಂಡ ಮೇಲೆ ಕೊನೆಯಲ್ಲಿ "ಇಲ್ಲ" ಎಂದು ಬಂದರೆ, ಕೇಳುಗರು ಅಷ್ಟೂ ಹೊತ್ತು ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಒಮ್ಮೆಲೇ ತಿರುವಿ ಹಾಕಬೇಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಹಾರನ್ ಹೊಡೆದರೆ ಅರ್ಥವೇ ತಲೆಕೆಳಗಾಗುತ್ತದೆ.

ಎರಡನೆಯ ತೊಡಕು, ನಾಮಪದದ ಮುಂದೆ ಪೇರಿಸುವ ವಿಶೇಷಣಗಳದು. "ಕಳೆದ ತಿಂಗಳು ಅರ್ಜಿ ಸಲ್ಲಿಸಿ ದಾಖಲೆ ಪರಿಶೀಲನೆ ಮುಗಿಸಿಕೊಂಡಿರುವ, ಆದರೆ ಬೀಜ ಪಡೆಯದ ರೈತರು" ಎಂದು ಬರೆದಾಗ, ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದು ಕಟ್ಟಕಡೆಯ ಪದದಲ್ಲಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕೇಳುಗರು ಅರ್ಜಿ, ದಾಖಲೆ, ಬೀಜ ಎಂಬ ಮೂರು ಗಂಟುಗಳನ್ನು, ಯಾರಿಗೆ ಕೊಡಬೇಕೆಂದು ತಿಳಿಯದೆ, ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಕಾಗದದ ಮೇಲೆ ಕಣ್ಣು ಸೀದಾ "ರೈತರು" ಎಂಬ ಪದಕ್ಕೆ ಹಾರಿ, ಹಿಂದಿರುಗಿ ಬರುತ್ತದೆ. ಕಿವಿ ಹಾರಲಾರದು. ಆದ್ದರಿಂದ ಕಿವಿಗೆ ಬರೆಯುವಾಗ ಜನರನ್ನು ಮೊದಲು ಕರೆಯಬೇಕು: "ರೈತರೇ, ನೀವು ಕಳೆದ ತಿಂಗಳು ಅರ್ಜಿ ಕೊಟ್ಟಿದ್ದೀರಿ. ನಿಮ್ಮ ದಾಖಲೆ ನೋಡಿ ಆಗಿದೆ. ಬೀಜ ಮಾತ್ರ ಇನ್ನೂ ನಿಮಗೆ ಸಿಕ್ಕಿಲ್ಲ. ಅಂಥವರು ನಾಳೆ ಬನ್ನಿ."

ಒಂದು ಪ್ರಕಟಣೆಯನ್ನು ಪೂರ್ತಿಯಾಗಿ ತಿದ್ದಿ ತೋರಿಸಬಹುದೇ?

ತೋರಿಸುತ್ತೇನೆ. ದಾವಣಗೆರೆ ಸೀಮೆಯ ಭತ್ತದ ಗದ್ದೆಗಳಿಗೆ ಭದ್ರಾ ಬಲದಂಡೆ ನಾಲೆಯೇ ಆಧಾರ. ಬೇಸಿಗೆ ಬೆಳೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಪದ್ಧತಿಯನ್ನು ಇಲ್ಲಿಯವರು "ಆನ್ ಆಂಡ್ ಆಫ್" ಎಂದೇ ಕರೆಯುತ್ತಾರೆ. ಯಾವ ದಿನ ಬಿಡುತ್ತಾರೆ, ಯಾವ ದಿನ ನಿಲ್ಲಿಸುತ್ತಾರೆ ಎಂಬುದು ಸಸಿ ಮಡಿಯ ಲೆಕ್ಕವನ್ನೇ ಬದಲಿಸುವುದರಿಂದ ಈ ಪ್ರಕಟಣೆಯಲ್ಲಿ ತಪ್ಪು ಕೇಳಿಸಿದರೆ ನಷ್ಟ ದೊಡ್ಡದು. ಕೆಳಗಿನ ವಾಕ್ಯವನ್ನೂ ಅದರ ತಾರೀಕುಗಳನ್ನೂ ಉದಾಹರಣೆಗಾಗಿ ನಾನೇ ಕಟ್ಟಿದ್ದೇನೆ. ಆದರೆ ಕಚೇರಿಯಿಂದ ಬರುವ ವಾಕ್ಯಗಳ ಹದ ಇದೇ.

"ಭದ್ರಾ ಬಲದಂಡೆ ನಾಲೆಯ ಅಚ್ಚುಕಟ್ಟು ವ್ಯಾಪ್ತಿಯಲ್ಲಿ ಬೇಸಿಗೆ ಹಂಗಾಮಿನ ಬೆಳೆಗಳಿಗೆ ಜನವರಿ 20ರಿಂದ ಫೆಬ್ರವರಿ 8ರವರೆಗೆ ಹರಿಸಲಾಗುವ ನೀರನ್ನು ಫೆಬ್ರವರಿ 9ರಿಂದ 18ರವರೆಗೆ ಸ್ಥಗಿತಗೊಳಿಸಲಾಗುವುದರಿಂದ, ನಾಲೆಯ ಮೇಲ್ಭಾಗದ ಹಾಗೂ ಕೊನೆಯ ಭಾಗದ ರೈತರು ಕ್ರಮವಾಗಿ ಮೊದಲ ಹಾಗೂ ನಂತರದ ಹತ್ತು ದಿನಗಳಲ್ಲಿ ನೀರು ಪಡೆಯತಕ್ಕದ್ದೆಂದೂ, ಸ್ಥಗಿತದ ಅವಧಿಯಲ್ಲಿ ಕುಡಿಯುವ ಉದ್ದೇಶ ಹೊರತುಪಡಿಸಿ ನಾಲೆಯಿಂದ ಪಂಪ್‌ಸೆಟ್ ಮೂಲಕ ನೀರೆತ್ತುವವರ ವಿರುದ್ಧ ಕ್ರಮ ಕೈಗೊಳ್ಳಲಾಗುವುದೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ."

ವ್ಯಾಕರಣದಲ್ಲಿ ಈ ವಾಕ್ಯಕ್ಕೆ ಕುಂದಿಲ್ಲ, ಮತ್ತು ಕಡತದಲ್ಲಿ ಇದು ಹೀಗೆಯೇ ಇರಬೇಕಾದದ್ದೂ ಹೌದು. ಮೈಕಿಗೆ ಕೊಡುವ ಮೊದಲು ನಾನು ಪೆನ್ಸಿಲ್ ಹಿಡಿದು ಇದರೊಳಗೆ ಎಷ್ಟು ಸಂಗತಿಗಳಿವೆ ಎಂದು ಎಣಿಸುತ್ತೇನೆ. ನೀರು ಯಾವಾಗ ಬರುತ್ತದೆ, ಎಷ್ಟು ದಿನ ಇರುತ್ತದೆ, ಯಾರಿಗೆ ಯಾವಾಗ ಸರದಿ, ಯಾವಾಗ ನಿಲ್ಲುತ್ತದೆ, ನಿಂತಾಗ ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ. ಆರು ಸಂಗತಿಗಳಿವೆ, ಮುಖ್ಯ ಕ್ರಿಯಾಪದ ಮಾತ್ರ ಒಂದೇ, ಅದೂ "ತಿಳಿಯಪಡಿಸಲಾಗಿದೆ" ಎಂಬುದು. ರೈತರು ಮಾಡಬೇಕಾದ ಒಂದು ಕೆಲಸವೂ ಮುಖ್ಯ ಕ್ರಿಯಾಪದದಲ್ಲಿಲ್ಲ. ಹಾಗಾಗಿ ಮೊದಲ ಹೆಜ್ಜೆ, ಆರು ಸಂಗತಿಗಳಿಗೆ ಆರು ಕ್ರಿಯಾಪದಗಳನ್ನು ಕೊಡುವುದು. ಎರಡನೆಯ ಹೆಜ್ಜೆ, ಅವುಗಳನ್ನು ದಿನಗಳು ಬರುವ ಕ್ರಮದಲ್ಲಿಯೇ ಜೋಡಿಸುವುದು. ಮೂರನೆಯದು, ಒಂದು ವಾಕ್ಯದಲ್ಲಿ ಹೊಸದಾಗಿ ಒಂದೇ ಸಂಗತಿ ಬರುವಂತೆ ನೋಡಿಕೊಳ್ಳುವುದು. ಉಳಿದ ಪದಗಳು ಹಿಂದಿನ ವಾಕ್ಯದಲ್ಲಿ ಕೇಳಿಸಿದ ಪದಗಳೇ ಆಗಿರಬಹುದು. ಹೀಗೆ ಮಾಡಿದ ಮೇಲೆ ಪ್ರಕಟಣೆ ಈ ರೂಪಕ್ಕೆ ಬರುತ್ತದೆ:

"ಭದ್ರಾ ಬಲದಂಡೆ ನಾಲೆಯ ರೈತರೇ, ನೀರಿನ ವಿಷಯ ಕೇಳಿ. ನಾಲೆಗೆ ನೀರು ಬಿಡುತ್ತಾರೆ. ಜನವರಿ ಇಪ್ಪತ್ತು, ಮಂಗಳವಾರ ಬಿಡುತ್ತಾರೆ. ಬಿಟ್ಟ ನೀರು ಇಪ್ಪತ್ತು ದಿನ ಇರುತ್ತದೆ.

ಈ ಇಪ್ಪತ್ತು ದಿನದಲ್ಲಿ ಎರಡು ಸರದಿ. ಮೊದಲ ಹತ್ತು ದಿನ, ನಾಲೆಯ ಮೇಲ್ಭಾಗದವರಿಗೆ ನೀರು. ಆಮೇಲಿನ ಹತ್ತು ದಿನ, ನಾಲೆಯ ಕೊನೆಯ ಭಾಗದವರಿಗೆ ನೀರು. ಕೊನೆಯ ಭಾಗದವರ ಸರದಿ ಜನವರಿ ಮೂವತ್ತು, ಶುಕ್ರವಾರ ಶುರುವಾಗುತ್ತದೆ.

ನೀರಿನ ಕೊನೆಯ ದಿನ ಫೆಬ್ರವರಿ ಎಂಟು, ಭಾನುವಾರ. ಆ ಭಾನುವಾರ ಕಳೆದ ಮೇಲೆ ನಾಲೆಗೆ ನೀರು ಇಲ್ಲ. ಹತ್ತು ದಿನ ನೀರು ಇಲ್ಲ.

ನೀರು ಇಲ್ಲದ ಆ ಹತ್ತು ದಿನ, ನಾಲೆಗೆ ಪಂಪ್‌ಸೆಟ್ ಇಡಬೇಡಿ. ನಾಲೆಯಲ್ಲಿ ಉಳಿದ ನೀರು ಕುಡಿಯುವುದಕ್ಕೆ ಮಾತ್ರ. ಹೊಲ ಗದ್ದೆಗೆ ಆ ನೀರು ಎತ್ತಬೇಡಿ. ಎತ್ತಿದವರ ಮೇಲೆ ಇಲಾಖೆಯವರು ಕ್ರಮ ತೆಗೆದುಕೊಳ್ಳುತ್ತಾರೆ."

ಇಲ್ಲಿ ಕೆಲವು ಆಯ್ಕೆಗಳನ್ನು ವಿವರಿಸಬೇಕು. ಮೊದಲ ಕರಡಿನಲ್ಲಿ ನಾನು "ಫೆಬ್ರವರಿ ಎಂಟಕ್ಕೆ ನೀರು ನಿಲ್ಲುತ್ತದೆ" ಎಂದು ಬರೆದಿದ್ದೆ. ವಾಕ್ಯ ಸಣ್ಣದಾಯಿತು, ಆದರೆ ಎಂಟನೆಯ ತಾರೀಕು ನೀರು ಇದೆಯೋ ಇಲ್ಲವೋ ಎಂಬ ಸಂಶಯ ಹುಟ್ಟಿತು. ಮೂಲದ "8ರವರೆಗೆ" ಎಂಬ ಮಾತು ಆ ದಿನವನ್ನೂ ಸೇರಿಸಿಕೊಳ್ಳುತ್ತದೆ. "ನೀರಿನ ಕೊನೆಯ ದಿನ" ಎಂದು ಹೇಳಿದರೆ ಸಂಶಯಕ್ಕೆ ಎಡೆಯಿಲ್ಲ. ಹಾಗೆಯೇ "ಎತ್ತಿದರೆ ಕೇಸು ಹಾಕುತ್ತಾರೆ" ಎಂದು ಬರೆದು ಹೊಡೆದುಹಾಕಿದೆ. ಕಿವಿಗೆ ಅದು ಚುರುಕಾಗಿ ಮುಟ್ಟುತ್ತದೆ ನಿಜ, ಆದರೆ ಇಲಾಖೆ ಹೇಳಿದ್ದು "ಕ್ರಮ" ಎಂದು ಮಾತ್ರ; ಕೇಸು ಎಂಬುದು ನನ್ನ ಸೇರ್ಪಡೆಯಾಗುತ್ತಿತ್ತು. ವಾಕ್ಯವನ್ನು ಮುರಿಯುವ ಅಧಿಕಾರ ನಮಗಿದೆ, ಸಂಗತಿಯನ್ನು ಬದಲಿಸುವ ಅಧಿಕಾರವಿಲ್ಲ.

"ಹರಿಸಲಾಗುವ" ಎಂಬುದನ್ನು "ಬಿಡುತ್ತಾರೆ" ಎಂದು ಮಾಡಿದ್ದು, ಕರ್ಮಣಿ ಪ್ರಯೋಗ ಬಾಯಲ್ಲಿ ಯಾರೂ ಆಡದ ರೂಪವಾದ್ದರಿಂದ. ಹೊಲದಲ್ಲಿ ನಿಂತವರು "ನಾಳೆ ನೀರು ಬಿಡ್ತಾರಂತೆ" ಎಂದೇ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಅವರು ದಾಟಿಸುವ ರೂಪಕ್ಕೆ ಹತ್ತಿರವಾಗಿ ಬರೆದರೆ, ದಾಟಿಸುವಾಗ ಸಂಗತಿ ಕೆಡುವುದು ಕಡಿಮೆ.

ಒಂದು ಕೊರತೆ ತಿದ್ದಿದ ಮೇಲೂ ಉಳಿದಿದೆ. "ಮೇಲ್ಭಾಗ", "ಕೊನೆಯ ಭಾಗ" ಎಂದರೆ ಯಾವ ಯಾವ ಊರು? ಮೂಲದಲ್ಲಿ ಇಲ್ಲದ್ದರಿಂದ ನಾನು ಸೇರಿಸಲಿಲ್ಲ. ಇಂಥ ಸಂದರ್ಭದಲ್ಲಿ ಎಂಜಿನಿಯರ್ ಕಚೇರಿಗೆ ಫೋನು ಮಾಡಿ ಊರುಗಳ ಹೆಸರು ಕೇಳಿಕೊಂಡು, ಆಟೋ ಯಾವ ಊರಿಗೆ ಹೋಗುತ್ತದೆಯೋ ಆ ಊರಿನ ಸರದಿಯನ್ನಷ್ಟೇ ಹೆಸರು ಹಿಡಿದು ಸಾರಿಸುವುದು ಒಳ್ಳೆಯದು.

ಹೇಳಿದ್ದನ್ನೇ ಹೇಳುವುದು ದೋಷವೆಂದು ಶಾಲೆಯಲ್ಲಿ ಕಲಿಸಿದರಲ್ಲ?

ಪ್ರಬಂಧಕ್ಕೆ ಅದು ದೋಷವಿರಬಹುದು. ಕೇಳುವ ಕನ್ನಡಕ್ಕೆ ಪುನರುಕ್ತಿಯೇ ಬೆನ್ನೆಲುಬು. ಅಜ್ಜಿ ಕಥೆ ಶುರು ಮಾಡುವುದನ್ನು ನೆನಪಿಸಿಕೊಳ್ಳಿ: "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳಿದ್ದಳು. ಆ ಮಗಳು ಒಂದು ದಿನ ಕೆರೆಗೆ ಹೋದಳು. ಕೆರೆಗೆ ಹೋದರೆ, ಕೆರೇಲಿ ನೀರೇ ಇಲ್ಲ." ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಬಾಲವನ್ನು ಹಿಡಿದುಕೊಂಡು ಏಳುತ್ತದೆ. ನಿದ್ದೆಗಣ್ಣಿನ ಮಗು ಒಂದು ವಾಕ್ಯ ತಪ್ಪಿಸಿಕೊಂಡರೂ ಮುಂದಿನ ವಾಕ್ಯದ ಮೊದಲ ಎರಡು ಪದಗಳಲ್ಲಿ ಕಥೆ ಅದಕ್ಕೆ ಮತ್ತೆ ಸಿಗುತ್ತದೆ. ಮೇಲಿನ ಪ್ರಕಟಣೆಯಲ್ಲಿ "ಇಪ್ಪತ್ತು ದಿನ ಇರುತ್ತದೆ. ಈ ಇಪ್ಪತ್ತು ದಿನದಲ್ಲಿ" ಎಂದು ಬರೆದದ್ದೂ, "ನೀರು ಇಲ್ಲ. ನೀರು ಇಲ್ಲದ ಆ ಹತ್ತು ದಿನ" ಎಂದು ಬರೆದದ್ದೂ ಅಜ್ಜಿಯ ಈ ವಿದ್ಯೆಯನ್ನೇ ಬಳಸಿ.

ಆದರೆ ಪುನರುಕ್ತಿಯಲ್ಲಿ ಒಂದು ಕಟ್ಟುನಿಟ್ಟಿದೆ. ಪದವನ್ನು ಮತ್ತೆ ಹೇಳುವುದಾದರೆ ಅದೇ ಪದವನ್ನು ಹೇಳಬೇಕು. ಓದುವವರಿಗೆ ಬೇಸರವಾದೀತೆಂದು ಮೊದಲು "ನಾಲೆ", ಆಮೇಲೆ "ಕಾಲುವೆ", ಅದಾದ ಮೇಲೆ "ಚಾನಲ್" ಎಂದು ಬದಲಿಸಿದರೆ, ಕೇಳುವವರು ಮೂರು ಬೇರೆ ಬೇರೆ ವಸ್ತುಗಳೆಂದು ತಿಳಿಯುತ್ತಾರೆ. ಹಿರಿಯೂರಿನ ಕಡೆ ಈ ತೊಡಕು ಹೆಸರಿನಲ್ಲಿಯೇ ಇದೆ. ಕಾಗದದ ಮೇಲೆ ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಮಾರಿಕಣಿವೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವೂ ಸೂಳೆಕೆರೆಯೂ ಒಂದೇ ನೀರು. ಎರಡೂ ಹೆಸರನ್ನು ಮೊದಲ ವಾಕ್ಯದಲ್ಲಿ ಒಮ್ಮೆ ಹೇಳಿ, "ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ" ಎಂದು ಗಂಟು ಹಾಕಿ, ಆಮೇಲೆ ಕೊನೆಯವರೆಗೂ ಒಂದೇ ಹೆಸರಿನಲ್ಲಿ ನಡೆಯಬೇಕು.

ಸರ್ವನಾಮಗಳನ್ನು ಬಳಸಬಾರದೇ?

ಕಡಿಮೆ ಬಳಸಬೇಕು. "ಕೃಷಿ ಅಧಿಕಾರಿಗಳು ರೈತ ಸಂಘದವರನ್ನು ಭೇಟಿಯಾಗಿ ಅವರ ಬೇಡಿಕೆ ತಿಳಿಸಿದರು" ಎಂಬಲ್ಲಿ "ಅವರ" ಎಂದರೆ ಯಾರ ಎಂದು ಕಾಗದದ ಮೇಲೂ ಸ್ಪಷ್ಟವಿಲ್ಲ. ಕಿವಿಗಂತೂ ಹತ್ತಿರ ಕೇಳಿಸಿದ ಹೆಸರೇ ಅಂಟಿಕೊಳ್ಳುತ್ತದೆ. ಗೌರವದ ಬಹುವಚನ ಒಬ್ಬರಿಗೂ ಹಲವರಿಗೂ ಒಂದೇ ಆಗಿರುವುದರಿಂದ ನಮ್ಮ ಭಾಷೆಯಲ್ಲಿ ಈ ಗೊಂದಲ ಹೆಚ್ಚು. ಎರಡು ವಾಕ್ಯ ದಾಟಿದ ಮೇಲೆ ಹೆಸರನ್ನೇ ಮತ್ತೆ ಹೇಳಿ.

"ಹೊರತುಪಡಿಸಿ", "ಕ್ರಮವಾಗಿ", "ಸದರಿ" ಇಂಥ ಪದಗಳ ಬಗ್ಗೆ ನೀವು ಅಷ್ಟು ಎಚ್ಚರಿಕೆ ಹೇಳುವುದೇಕೆ?

"ಹೊರತುಪಡಿಸಿ" ಎಂಬ ಪದದಿಂದ ನಾನೇ ಒಮ್ಮೆ ಜನರಿಗೆ ತೊಂದರೆ ಕೊಟ್ಟಿದ್ದೇನೆ. ಜಗಳೂರು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಪ್ರಕಟಣೆ ಬರೆಯುವಾಗ "ಬುಧವಾರ ಹೊರತುಪಡಿಸಿ ಈ ವಾರದ ಉಳಿದೆಲ್ಲ ದಿನ" ಎಂದು ಬರೆದೆ. ಬುಧವಾರ ಬೆಳಿಗ್ಗೆ ದನ ಹೊಡೆದುಕೊಂಡು ಬಂದವರು ಬಹಳ ಮಂದಿ. ವೈದ್ಯರು ಆ ದಿನ ಬೇರೆ ಊರಿನಲ್ಲಿದ್ದರು. ಬಂದವರಲ್ಲಿ ಒಬ್ಬ ಹಿರಿಯರು "ಬುಧವಾರ ಅಂತ ಕೇಳ್ತಪ್ಪ" ಎಂದಷ್ಟೇ ಹೇಳಿ ದನಗಳನ್ನು ತಿರುಗಿಸಿಕೊಂಡು ಹೋದರು. ತಪ್ಪು ಪೂರ್ತಿಯಾಗಿ ನನ್ನ ವಾಕ್ಯದ್ದು. ಬುಧವಾರ ಎಂಬ ಗಟ್ಟಿ ಹೆಸರು ಮೊದಲು ಬಂತು. ಅದನ್ನು ತೆಗೆದುಹಾಕುವ "ಹೊರತುಪಡಿಸಿ" ಎಂಬ ಪದ ಬಾಯಲ್ಲಿ ಬಳಕೆಯಿಲ್ಲದ್ದರಿಂದ ಗಾಳಿಯಲ್ಲಿ ಹೋಯಿತು. ಈಗ ನಾನು ಲಸಿಕೆ ಇರುವ ದಿನ, ಇಲ್ಲದ ದಿನ ಎಲ್ಲವನ್ನೂ ಒಂದೊಂದಾಗಿ ಹೇಳಿಸುತ್ತೇನೆ. "ಸೋಮವಾರ ಲಸಿಕೆ ಇದೆ. ಮಂಗಳವಾರ ಇದೆ. ಬುಧವಾರ ಇಲ್ಲ. ಬುಧವಾರ ಬರಬೇಡಿ. ಗುರುವಾರ ಮತ್ತೆ ಇದೆ."

"ಕ್ರಮವಾಗಿ" ಎಂಬುದು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಗೆರೆ ಎಳೆಯಿರಿ ಎಂದು ಹೇಳುವ ಪದ. ಗೆರೆ ಎಳೆಯಲು ಕಾಗದ ಬೇಕು. "ಸದರಿ", "ಮೇಲ್ಕಂಡ", "ಈ ಕೆಳಕಂಡ" ಎಂಬ ಪದಗಳು ಪುಟದ ಮೇಲಿನ ಜಾಗವನ್ನು ತೋರಿಸುತ್ತವೆ. ಧ್ವನಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಆವರಣ ಚಿಹ್ನೆ, ಓರೆಗೆರೆ, ಉದ್ಧರಣ ಚಿಹ್ನೆಗಳ ಕಥೆಯೂ ಇದೇ. ಆವರಣದೊಳಗಿನ ಮಾತು ಬೇಕಾದದ್ದಾದರೆ ಅದಕ್ಕೊಂದು ವಾಕ್ಯ ಕೊಡಿ, ಬೇಡವಾದದ್ದಾದರೆ ಬಿಡಿ.

ಅಲ್ಪವಿರಾಮ ಇದ್ದಲ್ಲಿ ನಿಲ್ಲಿಸಿ ಓದಿದರೆ ಸಾಲದೇ?

ಬಹುತೇಕ ಕಡೆ ಸಾಲುತ್ತದೆ, ಒಂದು ಕಡೆ ಮಾತ್ರ ಖಂಡಿತ ಸಾಲದು. ಕನ್ನಡದಲ್ಲಿ "ಸಿಂಪಡಿಸಿ" ಎಂಬ ರೂಪಕ್ಕೆ ಎರಡು ಅರ್ಥ: "ಸಿಂಪಡಿಸಿದ ಮೇಲೆ" ಎಂಬುದೊಂದು, "ನೀವು ಸಿಂಪಡಿಸಿರಿ" ಎಂಬುದು ಇನ್ನೊಂದು. ಹಾಕಿ, ಮಾಡಿ, ನೋಡಿ, ತೆಗೆದುಹಾಕಿ ಎಲ್ಲವೂ ಹೀಗೆಯೇ. "ಔಷಧಿ ಸಿಂಪಡಿಸಿ ನೀರು ಕಟ್ಟಬೇಡಿ" ಎಂದು ಮೈಕಿನಲ್ಲಿ ಕೇಳಿದವರು, ಔಷಧಿ ಸಿಂಪಡಿಸಬೇಕು ಆದರೆ ನೀರು ಕಟ್ಟಬಾರದು ಎಂದು ತಿಳಿಯಬಹುದು; ಸಿಂಪಡಿಸಿದ ಬೆನ್ನಿಗೇ ನೀರು ಕಟ್ಟಬಾರದು ಎಂದು ತಿಳಿಯಬಹುದು; ಎರಡನ್ನೂ ಮಾಡಬಾರದು ಎಂದೂ ತಿಳಿಯಬಹುದು. ಬರೆದವರ ಮನಸ್ಸಿನಲ್ಲಿ ಒಂದೇ ಅರ್ಥವಿದ್ದುದರಿಂದ ಅವರಿಗೆ ಈ ಮೂರು ದಾರಿಗಳು ಕಾಣುವುದಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಗಳ ಸಲಹೆಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದೇ.

ಪರಿಹಾರ ಸುಲಭವಾಗಿದೆ. ಆಜ್ಞೆಯಾದರೆ "ಸಿಂಪಡಿಸಿರಿ" ಎಂದು ಬರೆದು ವಾಕ್ಯ ಮುಗಿಸಿ. ಕಾಲವನ್ನು ಹೇಳುವುದಾದರೆ "ಸಿಂಪಡಿಸಿದ ಮೇಲೆ" ಅಥವಾ "ಸಿಂಪಡಿಸಿದ ದಿನ" ಎಂದು ಬಿಡಿಸಿ ಬರೆಯಿರಿ. "ಔಷಧಿ ಸಿಂಪಡಿಸಿರಿ. ಸಿಂಪಡಿಸಿದ ದಿನ ನೀರು ಕಟ್ಟಬೇಡಿ." ಇಲ್ಲೂ ಪದ ಮರುಕಳಿಸಿತು, ಅರ್ಥ ಒಂದೇ ಆಯಿತು.

ಹಾಗಾದರೆ ಎಲ್ಲ ವಾಕ್ಯಗಳೂ ಮೂರು ನಾಲ್ಕು ಪದದವೇ ಆಗಿರಬೇಕೇ?

ಬೇಡ. ಸಣ್ಣ ವಾಕ್ಯಗಳೇ ಸಾಲುಗಟ್ಟಿದರೆ ಓದು ಮೊಳೆ ಹೊಡೆದಂತೆ ಕೇಳಿಸುತ್ತದೆ, ಮತ್ತು ಕೇಳುಗರಿಗೆ ಯಾವ ಸಂಗತಿಗೆ ಯಾವುದು ಕಾರಣ ಎಂಬ ಎಳೆ ಸಿಗುವುದಿಲ್ಲ. ಕಿವಿಗೆ ತೊಂದರೆ ಕೊಡುವುದು ವಾಕ್ಯದ ಉದ್ದವಲ್ಲ, ವಾಕ್ಯ ಮುಗಿಯುವವರೆಗೆ ಬಾಕಿ ಉಳಿಯುವ ಭಾರ. "ಬೆಳಿಗ್ಗೆ ಎದ್ದು, ಗದ್ದೆಗೆ ಹೋಗಿ, ಬದು ಒಂದು ಸುತ್ತು ನೋಡಿಕೊಂಡು, ಎಲ್ಲಾದರೂ ಒಡೆದಿದ್ದರೆ ಮಣ್ಣು ಮೆತ್ತಿ, ಆಮೇಲೆ ನೀರು ತಿರುಗಿಸಿಕೊಳ್ಳಿ" ಎಂಬ ವಾಕ್ಯ ಉದ್ದವಾಗಿದೆ, ಆದರೂ ಕಿವಿಗೆ ಹಗುರ. ಏಕೆಂದರೆ ಒಂದೊಂದು ತುಂಡೂ ಕೇಳಿದ ತಕ್ಷಣ ಅರ್ಥವಾಗಿ ಮುಗಿಯುತ್ತದೆ; ಕೆಲಸಗಳು ನಡೆಯುವ ಕ್ರಮದಲ್ಲಿಯೇ ಬರುತ್ತವೆ; ಎಲ್ಲ ಕೆಲಸವನ್ನೂ ಮಾಡುವವರು ಒಬ್ಬರೇ. ಈ ಮೂರರಲ್ಲಿ ಒಂದು ತಪ್ಪಿದರೂ ವಾಕ್ಯವನ್ನು ಒಡೆಯಬೇಕು. ಸರಣಿಯ ಕೊನೆಯಲ್ಲಿ "ಬೇಡಿ" ಅಥವಾ "ಇಲ್ಲ" ಬರುವುದಾದರಂತೂ ತಪ್ಪದೆ ಒಡೆಯಬೇಕು, ಆ ನಿಷೇಧ ಎಷ್ಟು ಕೊಂಡಿಗಳವರೆಗೆ ಹಿಂದಕ್ಕೆ ಹೋಗುತ್ತದೆಂದು ಕಿವಿಗೆ ತಿಳಿಯದು.

ಸಂಖ್ಯೆಗಳನ್ನು ಹೇಗೆ ಬರೆಯಬೇಕು?

ಅಕ್ಷರದಲ್ಲಿ, ಓದುವವರ ಬಾಯಿಗೆ ಹೇಗೆ ಬರಬೇಕೋ ಹಾಗೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ ಎಂದು ಅಂಕಿಯಲ್ಲಿ ಬರೆದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ. "ನೂರ ಎಂಬತ್ತಾರು ಅಡಿ" ಎಂದು ಬರೆದುಕೊಟ್ಟರೆ ಇಲ್ಲ. ಮೈಕಿನಲ್ಲಿ "ಇಪ್ಪತ್ತು" ಮತ್ತು "ಎಪ್ಪತ್ತು" ಒಂದೇ ಥರ ಕೇಳಿಸುತ್ತವೆ, "ಎಂಬತ್ತು" ಮತ್ತು "ತೊಂಬತ್ತು" ಕೂಡ. ಹಣದ ಮೊತ್ತವೋ ಔಷಧಿಯ ಅಳತೆಯೋ ಆಗಿದ್ದರೆ ಅದನ್ನು ಇನ್ನೊಂದು ಬಗೆಯಲ್ಲಿ ಮತ್ತೆ ಹೇಳಿಸಬೇಕು: "ಎಪ್ಪತ್ತು ರೂಪಾಯಿ. ಐವತ್ತರ ಮೇಲೆ ಇಪ್ಪತ್ತು." ತಾರೀಕಿನ ಜೊತೆ ವಾರವನ್ನು ಸೇರಿಸಿದ್ದೂ ಇದಕ್ಕಾಗಿಯೇ, ಎರಡರಲ್ಲಿ ಒಂದು ತಪ್ಪಿ ಕೇಳಿಸಿದರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಬೇರೆಯವರ ಮಾತನ್ನು ಉದ್ಧರಿಸುವಾಗ?

ನಮ್ಮ "ಎಂದು" ಮಾತಿನ ಹಿಂದೆ ಬರುತ್ತದೆ. "ಈ ವರ್ಷ ಬೆಳೆ ವಿಮೆ ಸಿಗುವುದಿಲ್ಲ ಎಂಬ ವದಂತಿ ಸುಳ್ಳು ಎಂದು ಅಧಿಕಾರಿಗಳು ತಿಳಿಸಿದ್ದಾರೆ" ಎಂದು ಓದಿದರೆ, ಅರ್ಧ ಕೇಳಿದವರಿಗೆ ವದಂತಿಯೇ ಸುದ್ದಿಯಾಗುತ್ತದೆ. ಹೇಳಿದವರನ್ನು ಮುಂದಕ್ಕೆ ತನ್ನಿ, ನಿಜವನ್ನು ಮೊದಲು ಹೇಳಿ: "ಅಧಿಕಾರಿಗಳು ತಿಳಿಸಿದ್ದಾರೆ. ಈ ವರ್ಷವೂ ಬೆಳೆ ವಿಮೆ ಇದೆ." ವದಂತಿಯನ್ನು ಮೈಕಿನಲ್ಲಿ ಒಮ್ಮೆಯೂ ಆಡದಿರುವುದು ಒಳ್ಳೆಯದು.

ಆಡುಮಾತಿನಲ್ಲಿಯೇ ಬರೆದುಬಿಡಬಾರದೇಕೆ?

ಯಾವ ಆಡುಮಾತು ಎಂಬ ಪ್ರಶ್ನೆ ಏಳುತ್ತದೆ. ಹರಿಹರದ ಕಡೆ "ನೀರು ಬರ್ತೈತಿ" ಎಂದರೆ ಚಳ್ಳಕೆರೆ, ಹಿರಿಯೂರಿನ ಕಡೆ "ಬರ್ತೈತೆ" ಎನ್ನುತ್ತಾರೆ. ಅಧಿಕೃತ ಪ್ರಕಟಣೆಯಲ್ಲಿ ಒಂದು ಸೀಮೆಯ ರೂಪ ಇನ್ನೊಂದು ಸೀಮೆಯವರಿಗೆ ಹಗುರವಾಗಿ ಕೇಳಿಸುವುದೂ ಉಂಟು. "ಬರುತ್ತದೆ" ಎಂಬ ರೂಪ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಆಡುಮಾತಿನಿಂದ ತೆಗೆದುಕೊಳ್ಳುವುದು ಅದರ ಪ್ರತ್ಯಯಗಳನ್ನಲ್ಲ, ಅದರ ವಾಕ್ಯದ ನಡಿಗೆಯನ್ನು. ವಸ್ತುಗಳ ಹೆಸರುಗಳಲ್ಲಿ ಮಾತ್ರ ಜನರ ಪದವನ್ನೇ ಇಟ್ಟುಕೊಳ್ಳುತ್ತೇನೆ. ಶೇಂಗಾವನ್ನು ನೆಲಗಡಲೆಯೆಂದೂ ಬೋರ್‌ವೆಲ್ಲನ್ನು ಕೊಳವೆಬಾವಿಯೆಂದೂ ತಿದ್ದುವುದರಿಂದ ಕೇಳುವವರಿಗೆ ಲಾಭವಿಲ್ಲ.

ಬರೆದದ್ದು ಕಿವಿಗೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಮೊದಲು ನೀವೇ ಗಟ್ಟಿಯಾಗಿ ಓದಿ. ಒಂದೇ ಜಾಗದಲ್ಲಿ ಎರಡು ಸಲ ನಾಲಿಗೆ ತಡವರಿಸಿದರೆ ತಪ್ಪು ನಾಲಿಗೆಯದಲ್ಲ; ಅಲ್ಲಿ ಸಂಧಿಯಾದ ಉದ್ದ ಪದವೋ ಪೇರಿಸಿದ ವಿಶೇಷಣವೋ ಇದೆ. ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದರೆ ಅಲ್ಲಿ ಒಡೆಯಿರಿ.

ಆದರೆ ನೀವು ಬರೆದದ್ದು ನಿಮಗೆ ಮೊದಲೇ ಗೊತ್ತಿರುವುದರಿಂದ ನಿಮ್ಮ ಕಿವಿಯನ್ನು ಪೂರ್ತಿ ನಂಬುವಂತಿಲ್ಲ. ವಿಷಯ ಗೊತ್ತಿಲ್ಲದ ಒಬ್ಬರಿಗೆ, ಅವರು ಕೈಯಲ್ಲಿ ಏನಾದರೂ ಕೆಲಸ ಮಾಡುತ್ತಿರುವಾಗ, ಒಂದೇ ಸಲ ಓದಿ ಹೇಳಿ. ಆಮೇಲೆ "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಮರ್ಯಾದೆಗೆ ಹೌದು ಎನ್ನುತ್ತಾರೆ. "ಪಕ್ಕದ ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ" ಎಂದು ಕೇಳಿ. ನಮ್ಮ ಮನೆಯಲ್ಲಿ ಅಕ್ಕ ಒಗ್ಗರಣೆ ಹಾಕುತ್ತಿರುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದುತ್ತೇನೆ. ನೀರಿನ ಪ್ರಕಟಣೆಯ ಮೊದಲ ಕರಡನ್ನು ಕೇಳಿ ಅಕ್ಕ, "ಇಪ್ಪತ್ತನೇ ತಾರೀಕು ನೀರು ನಿಲ್ಲಿಸ್ತಾರಂತೆ" ಎಂದರು. ಮೊದಲ ವಾಕ್ಯದಲ್ಲಿಯೇ ನಾನು ಬಿಡುವ ತಾರೀಕನ್ನೂ ನಿಲ್ಲಿಸುವ ತಾರೀಕನ್ನೂ ಒಟ್ಟಿಗೆ ಹೇಳಿದ್ದೆ. ಅವೆರಡರ ನಡುವೆ ಸರದಿಯ ವಾಕ್ಯಗಳನ್ನು ತಂದು ದೂರ ಮಾಡಿದ್ದು ಆ ಮಾತು ಕೇಳಿದ ಮೇಲೆಯೇ.

ಕಿವಿಗೆ ಬರೆಯಲಾಗದ ವಿಷಯಗಳೂ ಇವೆಯೇ?

ಇವೆ. ಫಲಾನುಭವಿಗಳ ಪಟ್ಟಿ, ಸರ್ವೆ ನಂಬರುಗಳು, ಆದೇಶದ ಸಂಖ್ಯೆ, ಐದಾರು ಕಾಲಮ್ಮುಗಳ ದರಪಟ್ಟಿ, ಇವನ್ನು ಎಷ್ಟು ಒಡೆದರೂ ಕಿವಿ ಹಿಡಿದಿಟ್ಟುಕೊಳ್ಳಲಾರದು. ಅಂಥದ್ದನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಿ, ಮೈಕಿನಲ್ಲಿ ಇಷ್ಟು ಸಾರಿಸಿದರೆ ಸಾಕು: "ಪಟ್ಟಿ ಬಂದಿದೆ. ಪಟ್ಟಿ ಪಂಚಾಯಿತಿ ಬಾಗಿಲಲ್ಲಿ ಹಾಕಿದೆ. ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿರಿ. ಹೆಸರು ಇಲ್ಲದಿದ್ದರೆ ಶನಿವಾರದೊಳಗೆ ಅರ್ಜಿ ಕೊಡಿರಿ. ಶನಿವಾರವೂ ಅರ್ಜಿ ತೆಗೆದುಕೊಳ್ಳುತ್ತಾರೆ."